ಜಗಲಿಯ ಬೀಡಿ, ಒಳಗಿನ ಮಗು: ಮಲೆನಾಡಿನ ಸಣ್ಣ ಮನೆಯೊಂದರ ಪ್ರಕರಣ ಅಧ್ಯಯನ

ಇದು ಒಂದೇ ಮನೆಯ ದಾಖಲೆ ಅಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದು ಮನೆಯೊಳಗೆ ಕೂಡಿಸಿ ಬರೆದದ್ದು. ಯಾವ ಕುಟುಂಬದ ಗುರುತೂ ಇದರಲ್ಲಿಲ್ಲ.

ಹದಿನಾಲ್ಕು ತಿಂಗಳ ಗಂಡು ಮಗು. ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮೂರು ಸಲ ಒಂದೇ ತೊಂದರೆ: ಮೊದಲು ನೆಗಡಿ, ಎರಡನೇ ದಿನಕ್ಕೆ ಕೆಮ್ಮು, ಮೂರನೇ ರಾತ್ರಿ ಎದೆಯಲ್ಲಿ ಗುಯ್ ಗುಯ್ ಸದ್ದು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಕೊಡುತ್ತಾರೆ, ಸಿರಪ್ ಬರೆಯುತ್ತಾರೆ, ಮೂರು ನಾಲ್ಕು ದಿನಕ್ಕೆ ಮಗು ಆಡಿಕೊಂಡಿರುತ್ತದೆ. ಎರಡು ಮೂರು ವಾರ ಕಳೆದರೆ ಮತ್ತೆ ಅದೇ. ಆರು ವರ್ಷದ ಅಕ್ಕನಿಗೆ ಎಡಗಿವಿ ಸೋರುತ್ತಿದೆ, ಕರೆದರೆ ಒಂದೇ ಸಲಕ್ಕೆ ಓಗೊಡುವುದಿಲ್ಲ. ಮನೆಯವರು ಇದನ್ನೆಲ್ಲ ಮಳೆಗಾಲದ ಥಂಡಿಯ ಲೆಕ್ಕಕ್ಕೆ ಸೇರಿಸಿದ್ದರು. ಥಂಡಿ, ವೈರಸ್ ಎರಡೂ ನಿಜವೇ. ಆದರೆ ಅದೇ ಕೇರಿಯ ಇತರ ಮಕ್ಕಳಿಗೂ ನೆಗಡಿ ಬಂದು ಹೋಗಿತ್ತು. ಇಲ್ಲಿ ಮಾತ್ರ ಪ್ರತಿ ನೆಗಡಿಯೂ ಎದೆಗೆ ಇಳಿಯುತ್ತಿತ್ತು. ಅದಕ್ಕೆ ಕಾರಣ ಬೇರೆಯೇ ಇರಬೇಕು.

ಆಸ್ಪತ್ರೆಯ ಚೀಟಿಯಲ್ಲಿ ಒಂದು ಸಾಲು ಇತ್ತು: ಮನೆಯಲ್ಲಿ ಧೂಮಪಾನ ಇಲ್ಲ. ಅದು ಸುಳ್ಳಲ್ಲ. "ಮನೆಯಲ್ಲಿ ಯಾರಾದರೂ ಸೇದ್ತಾರಾ?" ಅಂತ ಕೇಳಿದ್ದಕ್ಕೆ ತಾಯಿ, "ಇಲ್ಲ ಡಾಕ್ಟ್ರೇ, ಇವರು ಹೊರಗೇ ಸೇದೋದು" ಅಂದಿದ್ದಳು. ಪ್ರಶ್ನೆ ಅಲ್ಲಿಗೇ ನಿಂತುಬಿಟ್ಟಿತ್ತು. ಹೊರಗೆ ಅಂದರೆ ಎಲ್ಲಿ, ಮಳೆ ಹೊಯ್ಯುವಾಗ ಎಲ್ಲಿ, ಸೇದಿ ಬಂದು ಎಷ್ಟು ಹೊತ್ತಿಗೆ ಮಗುವನ್ನು ಎತ್ತಿಕೊಳ್ಳುತ್ತಾರೆ, ಆಗ ಮೈಮೇಲೆ ಇರುವ ಬಟ್ಟೆ ಯಾವುದು, ಮಗು ಮಲಗುವುದು ಯಾರ ಪಕ್ಕದಲ್ಲಿ, ಏನನ್ನು ಹೊದ್ದು? ಸಣ್ಣ ಮನೆಯ ಮಗುವಿನ ವಿಷಯದಲ್ಲಿ ಈ ಐದು ಪ್ರಶ್ನೆಗಳನ್ನು ಕೇಳದೆ "ಇಲ್ಲ" ಅಂತ ಬರೆದುಕೊಳ್ಳಬಾರದು.

ಮನೆ, ಮಳೆ, ಕೊಪ್ಪೆ

ಹಂಚಿನ ಮನೆ. ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಹಿಂದೆ ಬಚ್ಚಲು. ಮುಂದೆ ನಾಲ್ಕು ಅಡಿ ಅಗಲದ ಜಗಲಿ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು ಎಲ್ಲರೂ ರಾತ್ರಿ ಆ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಅಡುಗೆ ಗ್ಯಾಸಿನಲ್ಲಿ, ಸ್ನಾನದ ನೀರು ಹಂಡೆ ಒಲೆಯಲ್ಲಿ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾನೆ, ದಿನಕ್ಕೆ ಹದಿನೈದರಷ್ಟು ಬೀಡಿ. ಮೊದಲನೆಯದು ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ, ಬಚ್ಚಲೊಲೆಯ ಕೆಂಡದಿಂದ ಹಚ್ಚಿಕೊಂಡು. ಸಂಜೆ ಮನೆಗೆ ಬಂದ ಮೇಲೆ ಮೂರು ನಾಲ್ಕು, ಎಲ್ಲವೂ ಜಗಲಿಯಲ್ಲಿ.

ಬೇಸಿಗೆಯಲ್ಲಿ ಆ ಜಗಲಿ ನಿಜಕ್ಕೂ ಹೊರಗೇ. ಜೂನ್ ಬರುತ್ತಿದ್ದಂತೆ ಇರಚಲು ತಡೆಯಲು ಅದರ ಎರಡು ಬದಿಗೆ ಸೋಗೆಯ ತಟ್ಟಿ ಕಟ್ಟುತ್ತಾರೆ, ಮೂರನೆಯ ಬದಿಗೆ ನೀಲಿ ಟಾರ್ಪಾಲು ಇಳಿಬಿಡುತ್ತಾರೆ. ಅಲ್ಲಿಗೆ ಜಗಲಿಯೂ ಒಂದು ಕೋಣೆಯಾಯಿತು. ಅದಕ್ಕೆ ಹೊಂದಿಕೊಂಡ ಮುಂಬಾಗಿಲು ಯಾವಾಗಲೂ ತೆರೆದಿರುತ್ತದೆ. ಉಳಿದ ಕಿಟಕಿಗಳು ಮಳೆಗೆ ಮುಚ್ಚಿರುತ್ತವೆ. ಸಂಜೆ ಅಡುಗೆಮನೆ, ಬಚ್ಚಲಿನ ಒಲೆಗಳು ಉರಿಯುವಾಗ ಬಿಸಿ ಗಾಳಿ ಹಂಚಿನ ಸಂದಿಯಿಂದ ಮೇಲಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಗಾಳಿ ಬರುವ ದಾರಿ ಮುಂಬಾಗಿಲೊಂದೇ. ಅಂದರೆ ಜಗಲಿಯ ಹೊಗೆಯನ್ನು ಮನೆಯೇ ಒಳಗೆ ಸೆಳೆದುಕೊಳ್ಳುತ್ತದೆ. ಇದನ್ನು ನೋಡಲು ಉಪಕರಣ ಬೇಕಿಲ್ಲ. ಒಲೆ ಉರಿಯುವ ಹೊತ್ತಿನಲ್ಲಿ ಜಗಲಿಯಲ್ಲಿ ಒಂದೇ ಒಂದು ಊದುಬತ್ತಿ ಹಚ್ಚಿ ಹೊಸ್ತಿಲ ಹತ್ತಿರ ಹಿಡಿದರೆ ಹೊಗೆಯ ಎಳೆ ಯಾವ ಕಡೆ ಬಾಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಈ ಮನೆಯಲ್ಲಿ ಅದು ಒಳಕ್ಕೆ ಬಾಗಿತು. ಅಪ್ಪ ಬೇರೆ ಮಾತು ಕೇಳುವ ಮೊದಲೇ ಒಪ್ಪಿಕೊಂಡದ್ದು ಆ ಎಳೆಯನ್ನು ನೋಡಿ.

ಎಷ್ಟು ಹೊಗೆ ಅನ್ನುವುದಕ್ಕೆ ಒಂದು ಸ್ಥೂಲ ಲೆಕ್ಕ. ಒಂದು ಸಿಗರೇಟು ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣಗಳನ್ನು ಗಾಳಿಗೆ ಬಿಡುತ್ತದೆ. ಬೀಡಿಯಲ್ಲಿ ತಂಬಾಕು ಕಡಿಮೆ, ಅರ್ಧವೇ ಅಂತಿಟ್ಟುಕೊಳ್ಳೋಣ, 5 ಮಿಲಿಗ್ರಾಂ. ಅದರ ಮೂರನೇ ಒಂದು ಪಾಲು ಮಾತ್ರ ಒಳಗೆ ಬಂತು ಅನ್ನೋಣ. ಒಂಬತ್ತು ಅಡಿ ಎತ್ತರದ ಆ ಕೋಣೆಯಲ್ಲಿ ಇರುವುದು ಸುಮಾರು 30 ಘನ ಮೀಟರ್ ಗಾಳಿ. ಒಂದು ಬೀಡಿಗೆ ಪ್ರತಿ ಘನ ಮೀಟರಿಗೆ 50 ಮೈಕ್ರೋಗ್ರಾಮಿಗೂ ಹೆಚ್ಚಾಯಿತು. ದಿನದ ಸರಾಸರಿ 15 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಒಂದು ಬೀಡಿಯ ಹೊತ್ತಿನ ಅಳತೆಯನ್ನು ದಿನದ ಸರಾಸರಿಯ ಜೊತೆ ನೇರವಾಗಿ ಹೋಲಿಸಲಾಗದು, ನಿಜ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕಣಗಳು ಗಂಟೆಗಟ್ಟಲೆ ತೇಲುತ್ತವೆ. ಮೊದಲ ಬೀಡಿಯದ್ದು ಕರಗುವ ಮೊದಲೇ ಎರಡನೆಯದ್ದು ಸೇರುತ್ತದೆ.

ಇನ್ನೊಂದು ವಸ್ತು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು: ಅಪ್ಪನ ಕಂಬಳಿಕೊಪ್ಪೆ. ತೋಟದಲ್ಲಿ ಮಳೆಗೆ ತಲೆಯಿಂದ ಬೆನ್ನಿನ ತನಕ ಅದನ್ನೇ ಹೊದ್ದುಕೊಳ್ಳುವುದು, ಬೀಡಿ ನೆನೆಯದಂತೆ ಅದರ ಮರೆಯಲ್ಲೇ ಸೇದುವುದು. ಮುಖದ ಮುಂದೆ ಬಾಗಿದ ಉಣ್ಣೆ ಹೊಗೆಯನ್ನು ಗೂಡು ಕಟ್ಟಿದಂತೆ ಹಿಡಿದುಕೊಳ್ಳುತ್ತದೆ. ಕೊಪ್ಪೆಯ ಮುಂದಿನ ಅಂಚನ್ನು ಮೂಗಿನ ಹತ್ತಿರ ತಂದರೆ ಒದ್ದೆ ಉಣ್ಣೆಯ ವಾಸನೆಗಿಂತ ಮೊದಲು ಬೀಡಿಯ ಘಾಟು ಬರುತ್ತಿತ್ತು. ಅದನ್ನು ವರ್ಷಕ್ಕೊಮ್ಮೆ, ಮಳೆ ಹೋದ ಮೇಲೆ ಒಗೆಯುವ ರೂಢಿ. ರಾತ್ರಿ ಚಳಿ ಜಾಸ್ತಿ ಆದಾಗ ಅದನ್ನೇ ಬಿಚ್ಚಿ ಮಗುವಿನ ಹಾಸಿಗೆಯ ಮೇಲೆ ಹಾಸುತ್ತಿದ್ದರು. ಮಗುವಿಗೆ ಬೆಚ್ಚಗಿರಲಿ ಅಂತ.

ಉಳಿದುಹೋಗುವ ಹೊಗೆ

ಬೇರೆಯವರು ಸೇದಿದ ಹೊಗೆಯನ್ನು ಉಸಿರಾಡುವುದು ಎರಡನೇ ಕೈ ಹೊಗೆ. ಸೇದಿ ಮುಗಿದ ಮೇಲೆ ಬಟ್ಟೆ, ಗೋಡೆ, ಹಾಸಿಗೆ, ನೆಲದ ಧೂಳಿನಲ್ಲಿ ಅಂಟಿ ಉಳಿಯುವುದು ಮೂರನೇ ಕೈ ಹೊಗೆ. ಮೂರನೇ ಕೈ ಹೊಗೆ ಎಂಬ ಹೆಸರು ವೈದ್ಯಲೋಕದಲ್ಲಿ ಹೆಚ್ಚು ಬಳಕೆಗೆ ಬಂದದ್ದು 2009ರ ನಂತರ. ನಿಕೋಟಿನ್ ಬರಿಯ ಅನಿಲವಾಗಿ ತೇಲಿಹೋಗುವುದಿಲ್ಲ. ಸಿಕ್ಕ ಮೇಲ್ಮೈಗೆ ಅಂಟುತ್ತದೆ, ಅಲ್ಲಿಂದ ದಿನಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಮತ್ತೆ ಗಾಳಿಗೆ ಬಿಡುಗಡೆಯಾಗುತ್ತದೆ. ಗ್ಯಾಸ್ ಒಲೆಯಂಥ ಉರಿಯಿಂದ ಹುಟ್ಟುವ ನೈಟ್ರಸ್ ಆಮ್ಲದ ಜೊತೆ ಸೇರಿದರೆ ಅದೇ ನಿಕೋಟಿನ್ ಕ್ಯಾನ್ಸರ್‌ಕಾರಕ ನೈಟ್ರೊಸಮೀನ್ ಆಗುತ್ತದೆ ಅಂತ 2010ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ತೋರಿಸಿದರು. ಅಮೆರಿಕದಲ್ಲೇ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಗುವಿಗಾಗಿ ಹೊರಗೆ ಹೋಗಿ ಸೇದುವವರ ಮನೆಗಳಲ್ಲೂ ಯಾರೂ ಸೇದದ ಮನೆಗಳಿಗಿಂತ ಐದರಿಂದ ಏಳು ಪಟ್ಟು ಹೆಚ್ಚು ಹೊಗೆಯ ಅಂಶ ಸಿಕ್ಕಿತ್ತು. ಒಳಗೇ ಸೇದುವ ಮನೆಗಳಲ್ಲಿ ಅದಕ್ಕಿಂತಲೂ ಹಲವು ಪಟ್ಟು. ಹೊರಗೆ ಹೋಗುವುದು ವ್ಯರ್ಥ ಅಲ್ಲ, ಅಷ್ಟೇ ಸಾಕಾಗುವುದೂ ಇಲ್ಲ.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಎರಡನೇ ಕೈ ಹೊಗೆಯಿಂದ ಮಕ್ಕಳಿಗೆ ಉಬ್ಬಸ, ಶ್ವಾಸನಾಳದ ಸೋಂಕು, ಕಿವಿಯ ತೊಂದರೆ, ಹಸುಗೂಸುಗಳ ಹಠಾತ್ ಸಾವು ಆಗುವುದಕ್ಕೆ ಪುರಾವೆ ಗಟ್ಟಿಯಾಗಿದೆ. ಮೂರನೇ ಕೈ ಹೊಗೆಯೊಂದರಿಂದಲೇ ಎಷ್ಟು ಕಾಯಿಲೆ ಅಂತ ಬೇರ್ಪಡಿಸಿ ಹೇಳುವ ಪುರಾವೆ ಇನ್ನೂ ಕಟ್ಟಿಕೊಳ್ಳುತ್ತಿದೆ. ಈ ಮನೆಯಂಥಲ್ಲಿ ಎರಡೂ ಒಟ್ಟಿಗೇ ಇರುವುದರಿಂದ ಬೇರ್ಪಡಿಸುತ್ತ ಕೂರುವ ಅಗತ್ಯವೂ ಇರಲಿಲ್ಲ.

ಮಗುವಿಗೇ ಏಕೆ ಹೆಚ್ಚು? ತೂಕಕ್ಕೆ ಹೋಲಿಸಿದರೆ ಅದು ದೊಡ್ಡವರಿಗಿಂತ ಎಷ್ಟೋ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಇಡೀ ದಿನ ಧೂಳು ಕೂರುವ ನೆಲದ ಮೇಲೇ ಇರುತ್ತದೆ, ಆ ಕೈಯನ್ನೇ ಬಾಯಿಗಿಡುತ್ತದೆ, ಅಪ್ಪನ ಅಂಗಿಯ ಚುಂಗು ಚೀಪುತ್ತದೆ. ಶ್ವಾಸನಾಳವಂತೂ ಬಹಳ ಕಿರಿದು. ನಾಲ್ಕು ಮಿಲಿಮೀಟರ್ ವ್ಯಾಸದ ಕೊಳವೆಯ ಒಳಗೋಡೆ ಸುತ್ತಲೂ ಒಂದು ಮಿಲಿಮೀಟರ್ ಊದಿಕೊಂಡರೆ ವ್ಯಾಸ ಅರ್ಧವಾಗುತ್ತದೆ, ಗಾಳಿ ಹಾಯಲು ಎದುರಾಗುವ ತಡೆ ಹದಿನಾರು ಪಟ್ಟಾಗುತ್ತದೆ. ದೊಡ್ಡವರ ಅಗಲ ಕೊಳವೆಯಲ್ಲಿ ಅಷ್ಟೇ ಊತ ಇಷ್ಟೊಂದು ತಡೆ ಒಡ್ಡುವುದಿಲ್ಲ. ಹೊಗೆ ಆ ಊತವನ್ನು ಮೊದಲೇ ತಂದಿಟ್ಟಿರುತ್ತದೆ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಮಂದ ಮಾಡಿರುತ್ತದೆ. ಆಮೇಲೆ ಬಂದ ಸಾಮಾನ್ಯ ನೆಗಡಿಯೂ ಎದೆಗೆ ಇಳಿಯುತ್ತದೆ. ಅಕ್ಕನ ಕಿವಿಯದ್ದೂ ಇದೇ ಕಥೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡ. ಅದು ಊದಿ ಮುಚ್ಚಿಕೊಂಡರೆ ನಡುಗಿವಿಯಲ್ಲಿ ನೀರು ನಿಲ್ಲುತ್ತದೆ.

ಹಂಡೆ ಒಲೆಯ ಸೌದೆ ಹೊಗೆಯೂ ಕಾರಣ ಆಗಿರಬಾರದೇಕೆ? ಆಗಿರಬಹುದು, ಪಾಲಂತೂ ಇತ್ತು. ಸೌದೆ ಹೊಗೆಯಲ್ಲಿ ನಿಕೋಟಿನ್ ಇಲ್ಲ, ಆದ್ದರಿಂದ ನಿಕೋಟಿನ್ ಮೈಯೊಳಗೆ ಬದಲಾಗಿ ಆಗುವ ಕೊಟಿನಿನ್ ಅನ್ನು ಮಗುವಿನ ಮೂತ್ರದಲ್ಲಿ ನೋಡಿದರೆ ತಂಬಾಕಿನದ್ದು ಪ್ರತ್ಯೇಕವಾಗಿ ತಿಳಿಯುತ್ತದೆ. ಆದರೆ ಔಷಧದ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 200 ನ್ಯಾನೋಗ್ರಾಂ ಮೇಲಿದ್ದರೆ ಮಾತ್ರ ತೋರಿಸುತ್ತವೆ. ಅದು ಸೇದುವವರನ್ನು ಹಿಡಿಯುವ ಅಳತೆ. ಹೊಗೆ ಕುಡಿಯುವ ಮಗುವಿನಲ್ಲಿ ಮಟ್ಟ ಅದಕ್ಕಿಂತ ಬಹಳ ಕೆಳಗೆ ಇರುವುದರಿಂದ ಪಟ್ಟಿ "ಇಲ್ಲ" ಅನ್ನುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಅದಕ್ಕೇ ಇಲ್ಲಿ ಆ ಪಟ್ಟಿ ಬಳಸಲಿಲ್ಲ. ಪ್ರಯೋಗಾಲಯದ ಪರೀಕ್ಷೆಯೂ ಹಿಂದಿನ ಎರಡು ಮೂರು ದಿನದ್ದನ್ನಷ್ಟೇ ಹೇಳುತ್ತದೆ. ಊದುಬತ್ತಿಯ ಎಳೆ ಮತ್ತು ಕೊಪ್ಪೆಯ ವಾಸನೆ ಹೇಳಿದ್ದೇ ಸಾಕಿತ್ತು.

ಮಾಡಿದ ಕೆಲಸ, ಎಡವಿದ ಜಾಗ

ಮಗು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮೂಗಿಡುವ ಜಾಗ ಹಾಸಿಗೆ. ಕೆಲಸ ಅಲ್ಲಿಂದ ಶುರುವಾಯಿತು. ಕೊಪ್ಪೆ ಮನೆಯಿಂದ ಹೊರಬಿದ್ದು ಸೌದೆ ಕೊಟ್ಟಿಗೆಯ ಗೂಟಕ್ಕೆ ಹೋಯಿತು. ಮಗುವಿಗೆ ಬೇರೆ ಹೊದಿಕೆ ಬಂತು, ಅದನ್ನು ಮಗುವಿನ ಬಟ್ಟೆಯ ಜೊತೆಗೇ ಇಡುವುದು, ಬೇರೆ ಯಾರೂ ಹೊದೆಯುವಂತಿಲ್ಲ. ಹತ್ತಿಯ ಹಾಸಿಗೆಯನ್ನು ಒಗೆಯಲಾಗದು, ಹತ್ತಿ ಬದಲಿಸಲು ಬಿಸಿಲು ಬೇಕು. ಅಲ್ಲಿಯತನಕ ಮಗುವಿಗೆ ಎರಡು ಪದರದ ಹತ್ತಿ ಬಟ್ಟೆಯ ಹೊಸ ಕೌದಿ, ಮೇಲುಹೊದಿಕೆ ಮೂರು ದಿನಕ್ಕೊಮ್ಮೆ ಬಿಸಿನೀರು ಸೋಪಿನಲ್ಲಿ ಒಗೆತ. ಮೊದಲ ಸಲ ಒಗೆದದ್ದನ್ನು ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ಬೀಡಿಯ ವಾಸನೆ ಹೋಗಿ ಸೌದೆ ಹೊಗೆಯ ವಾಸನೆ ಹತ್ತಿತು. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ತಪ್ಪಿಸುವುದು ಸುಲಭ ಅಲ್ಲ. ಕೊನೆಗೆ ಕೋಣೆಯೊಳಗೇ ಫ್ಯಾನಿನ ಕೆಳಗೆ ಒಣಗಿಸಿದರು, ಎರಡು ದಿನ ಹಿಡಿದರೂ.

ನೆಲ ಕೆಂಪು ಗಾರೆಯದ್ದು. ಅದನ್ನು ದಿನಾ ಸೋಪಿನ ನೀರಲ್ಲಿ ಒರೆಸಿ, ಮತ್ತೊಮ್ಮೆ ಬರೀ ನೀರಲ್ಲಿ ಒರೆಸುವುದು. ಒಣ ಪೊರಕೆಯಿಂದ ಗುಡಿಸಿದರೆ ಕೂತ ಧೂಳೇ ಮತ್ತೆ ಏಳುತ್ತದೆ. ನಿಕೋಟಿನ್ ಕ್ಷಾರ ಗುಣದ್ದು, ಹುಳಿ ನೀರಿನಲ್ಲಿ ಚೆನ್ನಾಗಿ ಬಿಡುತ್ತದೆ. ಹಾಗಾಗಿ ಬಾಗಿಲು, ಕಿಟಕಿಯ ಗಾಜು, ಪ್ಲಾಸ್ಟಿಕ್ ಕುರ್ಚಿ, ಸ್ವಿಚ್ಚಿನ ಸುತ್ತಲಿನ ಬಣ್ಣದ ಗೋಡೆಗೆ ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರು ಬೆರೆಸಿ, ಬಟ್ಟೆ ಹಿಂಡಿ ಒರೆಸಿದರು. ಬಟ್ಟೆಯಲ್ಲಿ ಹಳದಿ ಕಂದು ಬಣ್ಣದ ಅಂಟು ಬಂತು. ಒಲೆಯ ಮಸಿಯಾದರೆ ಕಪ್ಪಗಿರುತ್ತಿತ್ತು. ಗಾರೆ ನೆಲಕ್ಕೆ ವಿನೆಗರ್ ಹಾಕಬಾರದು, ಮೇಲ್ಪದರ ಕೊರೆಯುತ್ತದೆ. ವಿನೆಗರ್ ಜೊತೆ ಬ್ಲೀಚಿಂಗ್ ಪುಡಿ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಅಪಾಯ. ಸುಣ್ಣದ ಗೋಡೆಯನ್ನು ಮಳೆ ಮುಗಿಯುವ ತನಕ ಮುಟ್ಟಲಿಲ್ಲ. ಹಳೆಯದನ್ನು ಕೆರೆಯದೆ ಮೇಲೆ ಸುಣ್ಣ ಬಳಿದರೆ ಅಡಿಯ ಅಂಟು ಅಲ್ಲೇ ಉಳಿಯುತ್ತದೆ.

ಸೇದುವ ಜಾಗದ ಬಗ್ಗೆ ಒಪ್ಪಂದ ಹೀಗಿತ್ತು. ಮನೆಯ ಸೂರಿಗೆ ಸೇರಿದ ಯಾವ ಜಾಗವೂ ಹೊರಗೆ ಅಲ್ಲ. ಹೊರಗೆ ಅಂದರೆ ಕೊಟ್ಟಿಗೆಯ ಆಚೆ, ಬಾಗಿಲಿನಿಂದ 25 ಅಡಿಯಾದರೂ ದೂರ. ಸೇದುವಾಗ ಹಳೆಯ ಅಂಗಿ, ಅದು ಕೊಟ್ಟಿಗೆಯಲ್ಲೇ ಇರಬೇಕು. ಆಮೇಲೆ ಕೈ, ಮುಖ, ಮೀಸೆ ಸೋಪು ಹಾಕಿ ತೊಳೆದು, ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಬಿಟ್ಟು ಮಗುವನ್ನು ಎತ್ತಿಕೊಳ್ಳುವುದು. ಕೊನೆಯ ದಮ್ಮಿನ ನಂತರವೂ ಕೆಲವು ಉಸಿರುಗಳಲ್ಲಿ ಹೊಗೆ ಬರುತ್ತಿರುತ್ತದೆ. ಬೀಡಿ ತುಂಡನ್ನು ಮುಚ್ಚಳದ ಡಬ್ಬಿಗೇ ಹಾಕಬೇಕು, ಅಂಬೆಗಾಲಿಡುವ ಮಗು ಅದನ್ನು ನುಂಗಿದರೆ ವಾಂತಿ, ಜೊಲ್ಲು, ನಿಸ್ತ್ರಾಣ ಆಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಒಪ್ಪಂದ ಮೊದಲು ಮುರಿದದ್ದು ಬಚ್ಚಲಲ್ಲಿ. ಹೊರಗೆ ಜಡಿಮಳೆ, ನಸುಕಿನ ಐದು ಗಂಟೆ, ಎದುರಿಗೇ ಕೆಂಡ. ಅಪ್ಪ ಮೊದಲ ಬೀಡಿಯನ್ನು ಅಲ್ಲೇ ಸೇದುತ್ತಿದ್ದ. ಸೌದೆ ಹೊಗೆಯಲ್ಲಿ ವಾಸನೆ ಗೊತ್ತಾಗುತ್ತಿರಲಿಲ್ಲ. ಗೊತ್ತಾದದ್ದು ಮಗುವಿನ ಟವೆಲಿನಿಂದ, ಅದು ಬಚ್ಚಲ ಗೂಟದಲ್ಲಿತ್ತು. ಅವನನ್ನು ಬೈದು ಪ್ರಯೋಜನ ಇರಲಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನಿಸುವುದು ನಿಕೋಟಿನ್ ಅವಲಂಬನೆಯ ಗುರುತು, ಛಲ ಕಡಿಮೆ ಎಂಬುದರ ಗುರುತಲ್ಲ. ಆಮೇಲೇ ಬಿಡುವ ಮಾತು ಬಂದದ್ದು. 1800-11-2356 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಶುರುವಾಯಿತು.

ಎರಡೇ ದಿನಕ್ಕೆ "ಎದೆ ಉರಿ, ಬಿಕ್ಕಳಿಕೆ, ಇದು ನಂಗೆ ಆಗಲ್ಲ ಮಾರಾಯ್ರೆ" ಅಂದ. ವಿಚಾರಿಸಿದರೆ ಗಮ್ಮನ್ನು ಎಲೆಯಡಿಕೆಯ ಕವಳದ ಹಾಗೆ ಬಿಡದೆ ಅಗಿದು ರಸ ನುಂಗುತ್ತಿದ್ದ. ಹೊಟ್ಟೆಗೆ ಹೋದ ನಿಕೋಟಿನ್ ಉರಿ ತರುತ್ತದೆ, ಚಟಕ್ಕೆ ಸಾಲುವುದೂ ಇಲ್ಲ. ಹತ್ತು ಹದಿನೈದು ಸಲ ನಿಧಾನವಾಗಿ ಅಗಿದು, ನಾಲಿಗೆಗೆ ಮೆಣಸಿನ ಚುರುಕು ಬಂದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಸುಮ್ಮನಿರಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿದು, ಜಾಗ ಬದಲಿಸಿ ಇಡುವುದು. ಹೀಗೆ ಅರ್ಧ ಗಂಟೆ. ಹದಿನೈದು ನಿಮಿಷ ಮೊದಲಿನಿಂದ ಕಾಫಿ ಕುಡಿಯಬಾರದು, ಹುಳಿಯಾದ ಬಾಯಲ್ಲಿ ನಿಕೋಟಿನ್ ಹೀರಿಕೆಯಾಗದು. ಗಮ್ ಪೊಟ್ಟಣ ಮಗುವಿನ ಕೈಗೆ ಸಿಗದ ಎತ್ತರದಲ್ಲಿರಬೇಕು. ಮೂರನೇ ವಾರ ಅವನು ಬೀಡಿಯ ಬದಲು ಕವಳಕ್ಕೆ ಹೊಗೆಸೊಪ್ಪು ಸೇರಿಸಿಕೊಳ್ಳತೊಡಗಿದ್ದ. ಮಗುವಿನ ಗಾಳಿಗೆ ಅದರಿಂದ ತೊಂದರೆ ಕಡಿಮೆ, ಅವನ ಬಾಯಿಗೆ ಕ್ಯಾನ್ಸರಿನ ದಾರಿ. ಅದನ್ನು ಬಿಡಿಸುವ ಕೆಲಸ ಮತ್ತೆ ಮೊದಲಿನಿಂದ ಆಯಿತು.

ಅಜ್ಜಿಯ ಸಾಂಬ್ರಾಣಿಯೂ ಲೆಕ್ಕಕ್ಕೆ ಸಿಕ್ಕಿದ್ದು ಆಗಲೇ. ಮಗುವಿಗೆ ಸ್ನಾನ ಮಾಡಿಸಿ ಶೀತ ಆಗದಿರಲಿ ಅಂತ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಿದ್ದರು. ಅದೂ ಅದೇ ಸೂಕ್ಷ್ಮ ಕಣಗಳೇ. "ಅತ್ತೆ, ಬೆಚ್ಚಗಿನ ಬಟ್ಟೆ ಸುತ್ತೋಣ, ಹೊಗೆ ಬೇಡ" ಅಂತ ಸೊಸೆ ಹೇಳಿದಾಗ ಅಜ್ಜಿ ಎರಡು ದಿನ ಮುನಿಸಿಕೊಂಡರು. ಆಮೇಲೆ ತಾವೇ ಟವೆಲನ್ನು ಹಂಡೆಯ ಮುಚ್ಚಳದ ಮೇಲೆ ಬೆಚ್ಚಗೆ ಮಾಡಿಟ್ಟು ಒರೆಸತೊಡಗಿದರು.

ಮುಂದಿನ ಎರಡು ತಿಂಗಳು

ಮಗು ಸುಮ್ಮನಿರುವಾಗ ಎದೆಯ ಏರಿಳಿತವನ್ನು ಪೂರಾ ಒಂದು ನಿಮಿಷ ಎಣಿಸಲು ತಾಯಿಗೆ ಹೇಳಿಕೊಟ್ಟಿತ್ತು. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಾದರೆ ಉಸಿರು ವೇಗವಾಗಿದೆ ಅಂತ ಅರ್ಥ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಕುಸಿದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲಾಗದಿದ್ದರೆ ರಾತ್ರಿಯಾದರೂ ಕಾಯಬಾರದು. ಅಕ್ಟೋಬರಿನಲ್ಲಿ ಮಗುವಿಗೆ ಒಮ್ಮೆ ನೆಗಡಿ ಬಂತು, ಎದೆಗೆ ಇಳಿಯದೆ ಐದು ದಿನಕ್ಕೆ ಹೋಯಿತು. ಮಳೆ ಇಳಿದದ್ದೂ, ಕಿಟಕಿ ತೆರೆದದ್ದೂ ಇದಕ್ಕೆ ಕಾರಣವಾಗಿರಬಹುದು. ಒಂದು ನೆಗಡಿಯಿಂದ ಗೆದ್ದೆವು ಅನ್ನಲಾಗದು.

ನವೆಂಬರಿನಲ್ಲಿ ಅಡಿಕೆ ಸುಲಿತ ಶುರುವಾದಾಗ ಮತ್ತೆ ಪೆಟ್ಟು ಬಿತ್ತು. ರಾತ್ರಿ ಹತ್ತರವರೆಗೆ ಏಳೆಂಟು ಜನ ಅದೇ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ, ಅವರಲ್ಲಿ ಮೂವರಿಗೆ ಬೀಡಿ ಬೇಕು. ಬಂದವರಿಗೆ ಸೇದಬೇಡಿ ಅನ್ನುವ ಮುಖ ಅಪ್ಪನಿಗಿರಲಿಲ್ಲ. ನಾಲ್ಕನೇ ರಾತ್ರಿ ಮಗುವಿನ ಎದೆ ಮತ್ತೆ ಸದ್ದು ಮಾಡಿತು. ಮರುದಿನ ಸುಲಿತವನ್ನು ಕೊಟ್ಟಿಗೆಯ ಆಚೆಯ ಚಪ್ಪರಕ್ಕೆ ಸಾಗಿಸಿ, ದೀಪಕ್ಕೆ ವೈರು ಎಳೆದರು. ಅಜ್ಜಿ ಬಂದವರಿಗೆಲ್ಲ ತಾವೇ ಹೇಳಿದರು: "ಪಾಪುಗೆ ಉಬ್ಬಸ ಮಾರಾಯಾ, ಬೀಡಿ ಆ ಬದಿಗೆ." ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಅಪ್ಪ ಈಗ ದಿನಕ್ಕೆ ಎರಡು ಮೂರು ಬೀಡಿಗೆ ಇಳಿದಿದ್ದಾನೆ, ಪೂರ್ತಿ ಬಿಟ್ಟಿಲ್ಲ. ಅಕ್ಕನ ಕಿವಿ ಸೋರುವುದು ನಿಂತಿದೆ, ಆದರೆ ಕೇಳಿಸುವುದು ಸರಿಹೋಗಿಲ್ಲ. ನಡುಗಿವಿಯ ನೀರು ಮೂರು ತಿಂಗಳಾದರೂ ಆರದಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಶಿವಮೊಗ್ಗದಲ್ಲಿ ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಜನವರಿಗೆ ದಿನ ಗೊತ್ತಾಗಿದೆ. ಡಿಸೆಂಬರಿನ ಬಿಸಿಲಿಗೆ ಹಾಸಿಗೆಯ ಹತ್ತಿ ಬದಲಾಯಿತು, ಸುಣ್ಣ ಕೆರೆದು ಹೊಸದು ಬಳಿದಾಯಿತು, ಕೊಪ್ಪೆಯನ್ನು ಎರಡು ಸಲ ನೆನೆಹಾಕಿ ಒಗೆದರು. ಎರಡನೇ ನೀರೂ ಚಹಾದ ಬಣ್ಣಕ್ಕೇ ಇತ್ತು. ಮುಂದಿನ ಭೇಟಿ ಮೇ ಕೊನೆಯ ವಾರ, ಜಗಲಿಗೆ ತಟ್ಟಿ ಕಟ್ಟುವ ಮೊದಲು.